ಸಣ್ಣ ಅಂಗಡಿಗೆ ವಿಮೆ: ಬೆಂಕಿ, ಕಳವು, ದಾರಿಯಲ್ಲಿರುವ ಸರಕು, ಮತ್ತೆ ಬಿಡಬಹುದಾದದ್ದು

ಅಂಗಡಿಗೆ ವಿಮೆ ಮಾಡಿಸಬೇಕು ಅನ್ನುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಪ್ರೀಮಿಯಂ ಎಷ್ಟಾಗುತ್ತದೆ? ಕೇಳಬೇಕಾದದ್ದೇ. ಆದರೆ ನಷ್ಟವಾದ ದಿನ ನಿಮ್ಮ ಕೈಗೆ ಎಷ್ಟು ದುಡ್ಡು ಬರುತ್ತದೆ ಎನ್ನುವುದು ಬೇರೆ ಎರಡು ಸಂಗತಿಗಳ ಮೇಲೆ ನಿಂತಿದೆ. ಒಂದು, ಅಂಗಡಿಯಲ್ಲಿ ಎಷ್ಟರ ಸರಕಿದೆ ಎಂದು ನೀವು ಬರೆಸಿದ ಅಂಕಿ. ಇನ್ನೊಂದು, ‘ಕಳವು’, ‘ಸಾಗಣೆ’ ಅನ್ನುವ ಪದಗಳಿಗೆ ಪಾಲಿಸಿ ಕೊಟ್ಟಿರುವ ಅರ್ಥ. ಕ್ಲೇಮ್ ಕೈಕೊಟ್ಟಿತು ಎನ್ನುವ ದೂರುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದಕ್ಕೆ ಬಂದು ನಿಲ್ಲುತ್ತವೆ.

ಹಾಗಾಗಿ ಒಂದೇ ಬಟ್ಟೆ ಅಂಗಡಿಯ ಲೆಕ್ಕ ಹಿಡಿದು ಕೊನೆಯವರೆಗೆ ಹೋಗೋಣ. ಪಾಲಿಸಿಯ ಮಾತುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ಇಲ್ಲಿ ಹೇಳುವುದನ್ನು ನಿಮ್ಮ ಪಾಲಿಸಿ ಮುಂದಿಟ್ಟುಕೊಂಡು ಓದಿದರೆ ಜಾಸ್ತಿ ಉಪಯೋಗ.

ಏನೇನು ಹತ್ತಿರ ಇರಬೇಕು

ಕಳೆದ ಒಂದು ವರ್ಷದ ಖರೀದಿ ಬಿಲ್‌ಗಳು, ತಿಂಗಳುವಾರು ಮಾರಾಟದ ಮೊತ್ತ, ಕೊನೆಯ ಸಲ ಸ್ಟಾಕ್ ಎಣಿಸಿದ ಪಟ್ಟಿ, ಬಾಡಿಗೆ ಕರಾರು, ಸರಕು ಕಳಿಸುವವರ ಜೊತೆ ಆದ ಒಪ್ಪಂದ ಅಥವಾ ಅವರ ಬಿಲ್. ಇಷ್ಟು ಸಾಕು. ಸ್ಟಾಕ್ ಎಣಿಸಿಯೇ ಇಲ್ಲ ಅಂದರೆ ಒಂದು ರಜಾ ದಿನ ಷಟರ್ ಎಳೆದುಕೊಂಡು ಎಣಿಸಿಬಿಡಿ. ಅದನ್ನು ಬಿಟ್ಟು ಮುಂದೆ ಹೋಗಲು ದಾರಿ ಇಲ್ಲ.

ಹಂತ 1: ಸರಕಿನ ಅಂಕಿ ಕಂಡುಕೊಳ್ಳಿ

ಸರಕನ್ನು ಅಸಲಿನ ಲೆಕ್ಕದಲ್ಲಿ ಹಿಡಿಯಬೇಕು. ಅಸಲು ಅಂದರೆ ಖರೀದಿ ಬೆಲೆ, ಅದರ ಜೊತೆ ಅಂಗಡಿಗೆ ತರಿಸಲು ಆದ ಸಾಗಣೆ ಖರ್ಚು. ಲೇಬಲ್ ಮೇಲಿರುವ ಮಾರಾಟದ ಬೆಲೆ ಇಲ್ಲಿ ಬರುವುದಿಲ್ಲ. ವಿಮೆ ಕಟ್ಟಿಕೊಡುವುದು ನಿಮಗಾದ ನಷ್ಟವನ್ನು. ಇನ್ನೂ ಮಾರದ ಶರ್ಟಿನ ಲಾಭ ಸಾಮಾನ್ಯ ಬೆಂಕಿ ಪಾಲಿಸಿಯಲ್ಲಿ ನಷ್ಟ ಅನ್ನಿಸಿಕೊಳ್ಳುವುದಿಲ್ಲ. ಮಾರಾಟದ ಬೆಲೆಯಲ್ಲಿ ಬರೆಸಿದರೆ ಹೆಚ್ಚು ಪ್ರೀಮಿಯಂ ಕಟ್ಟುತ್ತೀರಿ, ಕ್ಲೇಮ್ ಮಾತ್ರ ಅಸಲಿನ ಮೇಲೆಯೇ ಬರುತ್ತದೆ.

ಇನ್ನು ಲೆಕ್ಕ. ಬೆಂಕಿ ಬಿದ್ದ ಮೇಲೆ ಅಂಗಡಿಯಲ್ಲಿ ಏನಿತ್ತು ಅಂತ ಎಣಿಸಲು ಆಗುವುದಿಲ್ಲ, ಅಲ್ವಾ? ಆಗ ಸರ್ವೇಯರ್ ಕಾಗದದ ಮೇಲೆ ಲೆಕ್ಕ ಹಾಕುತ್ತಾರೆ. ಸರ್ವೇಯರ್ ಅಂದರೆ ನಷ್ಟವನ್ನು ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವ ಪರಿಣತ. ಅವರ ಲೆಕ್ಕವನ್ನು ನೀವೇ ಮೊದಲು ಹಾಕಿಟ್ಟುಕೊಳ್ಳಬಹುದು:

ಹಿಂದಿನ ಎಣಿಕೆಯ ಸ್ಟಾಕ್ + ಆಮೇಲಿನ ಖರೀದಿ − ಮಾರಿದ ಸರಕಿನ ಅಸಲು = ಈಗಿರುವ ಸ್ಟಾಕ್

ನಮ್ಮ ಬಟ್ಟೆ ಅಂಗಡಿಯಲ್ಲಿ ಮೂರು ತಿಂಗಳ ಹಿಂದೆ ಎಣಿಸಿದಾಗ 7 ಲಕ್ಷದ ಸರಕಿತ್ತು. ಆಮೇಲೆ 9 ಲಕ್ಷದ ಮಾಲು ಬಂತು. ಮಾರಾಟ 10 ಲಕ್ಷ ಆಯಿತು. ಮಾರಾಟದ ಮೇಲೆ ಲಾಭ ಶೇ. 20. ಅಂದರೆ ಮಾರಿದ ಸರಕಿನ ಅಸಲು 8 ಲಕ್ಷ. 7 ಕ್ಕೆ 9 ಸೇರಿಸಿ 8 ಕಳೆದರೆ ಈಗ ಅಂಗಡಿಯಲ್ಲಿ 8 ಲಕ್ಷದ ಸರಕಿದೆ.

ಇಲ್ಲಿ ಎಡವುವವರು ಬಹಳ. ಶೇ. 20 ಅನ್ನುವುದು ಮಾರಾಟದ ಮೇಲೋ ಅಸಲಿನ ಮೇಲೋ ನೋಡಿಕೊಳ್ಳಿ. 100 ಕ್ಕೆ ಕೊಂಡದ್ದನ್ನು 120 ಕ್ಕೆ ಮಾರುವವರು ಅದನ್ನೂ ಶೇ. 20 ಅನ್ನುತ್ತಾರೆ. ಆ ಲೆಕ್ಕದಲ್ಲಿ 10 ಲಕ್ಷ ಮಾರಾಟದ ಅಸಲು ಸುಮಾರು 8.33 ಲಕ್ಷ ಆಗುತ್ತದೆ, ಉಳಿದ ಸ್ಟಾಕ್ 33 ಸಾವಿರದಷ್ಟು ಇಳಿಯುತ್ತದೆ.

8 ಲಕ್ಷ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ. ಇದೇ ಲೆಕ್ಕವನ್ನು ಹನ್ನೆರಡು ತಿಂಗಳಿಗೂ ಹಾಕಿ. ವ್ಯಾಪಾರ ಜೋರಾಗುವ ಸೀಸನ್ನಿಗೆ ಮುಂಚೆ ಈ ಅಂಗಡಿಯ ಸರಕು 12 ಲಕ್ಷಕ್ಕೆ ಏರುತ್ತದೆ ಅಂದುಕೊಳ್ಳಿ. ನಿಮಗೆ ಬೇಕಾದ ಅಂಕಿ ಇದೇ: ವರ್ಷದಲ್ಲಿ ಅತಿ ಹೆಚ್ಚು ಸರಕಿರುವ ದಿನದ್ದು. ಯಾಕೆ ಅನ್ನುವುದು ಮುಂದಿನ ಹಂತದಲ್ಲಿ.

ಹಂತ 2: ಬೆಂಕಿ ವಿಮೆ

ನಮ್ಮ ಅಂಗಡಿಯವರು ಪ್ರೀಮಿಯಂ ಉಳಿಸಲು 6 ಲಕ್ಷಕ್ಕೆ ಮಾತ್ರ ಬರೆಸಿದರು. ‘ಪೂರ್ತಿ ಅಂಗಡಿ ಎಲ್ಲಿ ಸುಡುತ್ತದೆ, ಅರ್ಧ ಸುಟ್ಟರೆ ಆರು ಲಕ್ಷ ಸಾಕಲ್ಲ’ ಅನ್ನುವುದು ಅವರ ಲೆಕ್ಕ. ಕೇಳಲು ಚೆನ್ನಾಗಿಯೇ ಇದೆ. ಸೀಸನ್ನಿನಲ್ಲಿ, ಒಳಗೆ 12 ಲಕ್ಷದ ಸರಕಿದ್ದಾಗ ಬೆಂಕಿ ಬಿತ್ತು. 4 ಲಕ್ಷದ ಬಟ್ಟೆ ಸುಟ್ಟಿತು. ಪಾಲಿಸಿ ಇರುವುದು 6 ಲಕ್ಷಕ್ಕೆ, ನಷ್ಟ 4 ಲಕ್ಷ. ಪೂರ್ತಿ ಬರಬೇಕಲ್ಲ?

ಬರುವುದು 2 ಲಕ್ಷ. ಕಾರಣ ಪಾಲಿಸಿಯಲ್ಲಿರುವ ‘ಆವರೇಜ್’ ಅನ್ನುವ ಷರತ್ತು. 12 ಲಕ್ಷದ ಸರಕಿಗೆ 6 ಲಕ್ಷದ ವಿಮೆ ಮಾಡಿಸಿದ್ದೀರಿ ಅಂದರೆ ಅರ್ಧ ಜವಾಬ್ದಾರಿಯನ್ನು ನೀವೇ ಹೊತ್ತಿದ್ದೀರಿ ಎಂದು ಕಂಪನಿ ತಿಳಿಯುತ್ತದೆ. ಆದ್ದರಿಂದ ಯಾವ ನಷ್ಟವಾದರೂ ಅದರ ಅರ್ಧ ನಿಮ್ಮದು. ಸೂತ್ರ ಹೀಗಿದೆ:

ಸಿಗುವ ಮೊತ್ತ = ನಷ್ಟ × ವಿಮಾ ಮೊತ್ತ ÷ ಆ ದಿನ ಇದ್ದ ಸರಕಿನ ಬೆಲೆ

ಇದರಿಂದ ‘ಡಿಡಕ್ಟಿಬಲ್’ ಕೂಡ ಕಳೆಯುತ್ತದೆ. ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಮೊದಲ ಭಾಗ ಅದು. ಅದು 10 ಸಾವಿರ ಇದ್ದರೆ ಕೈಗೆ 1.9 ಲಕ್ಷ. ಅರೆಬೆಂದ ಬಟ್ಟೆಯನ್ನು ಮಾರಿ ಏನಾದರೂ ಗಿಟ್ಟುವಂತಿದ್ದರೆ ಅದನ್ನೂ ನಷ್ಟದಿಂದ ಕಳೆಯುತ್ತಾರೆ. ಕೊರತೆ ಸಣ್ಣದಾಗಿದ್ದರೆ ಈ ಷರತ್ತು ಹಾಕುವುದಿಲ್ಲ ಎಂದು ಕೆಲವು ಪಾಲಿಸಿಗಳು ಹೇಳುತ್ತವೆ. ಎಷ್ಟು ಶೇಕಡಾ ಕೊರತೆಯವರೆಗೆ ಅನ್ನುವುದನ್ನು ಬರಹದಲ್ಲಿ ಕೇಳಿಕೊಳ್ಳಿ.

ಹಾಗಂತ ವರ್ಷವಿಡೀ 12 ಲಕ್ಷಕ್ಕೆ ಕಟ್ಟಬೇಕೇ? ಎರಡು ದಾರಿಗಳಿವೆ. ಒಂದು, 8 ಲಕ್ಷಕ್ಕೆ ಮಾಡಿಸಿ, ಸರಕು ಏರುವ ತಿಂಗಳುಗಳಿಗೆ ಮಾತ್ರ ಮೊತ್ತ ಹೆಚ್ಚಿಸಿಕೊಳ್ಳುವುದು. ಪಾಲಿಸಿಗೆ ಹೀಗೆ ಆಮೇಲೆ ಸೇರಿಸುವ ತಿದ್ದುಪಡಿ ಚೀಟಿಗೆ ‘ಎಂಡಾರ್ಸ್‌ಮೆಂಟ್’ ಅನ್ನುತ್ತಾರೆ. ಲೋಡ್ ಬರುವ ಮುಂಚೆಯೇ ಅದು ಕೈಯಲ್ಲಿರಬೇಕು. ‘ಹೇಳಿದ್ದೀನಿ, ಮಾಡ್ತೀನಿ ಅಂದಿದ್ದಾರೆ’ ಅನ್ನುವ ಏಜೆಂಟರ ಮಾತು ಲೆಕ್ಕಕ್ಕಿಲ್ಲ. ಇನ್ನೊಂದು, ಡಿಕ್ಲರೇಷನ್ ಪಾಲಿಸಿ. ಗರಿಷ್ಠ ಅಂಕಿಗೆ ಪಾಲಿಸಿ ಮಾಡಿಸಿ, ಪ್ರತಿ ತಿಂಗಳು ಇರುವ ಸ್ಟಾಕ್ ಎಷ್ಟು ಅಂತ ಬರೆದು ಕೊಡುತ್ತೀರಿ. ವರ್ಷದ ಕೊನೆಗೆ ಅದರ ಸರಾಸರಿ ನೋಡಿ ಪ್ರೀಮಿಯಂ ಸರಿಪಡಿಸುತ್ತಾರೆ. ಇದು ಸಾಮಾನ್ಯವಾಗಿ ದೊಡ್ಡ ಗೋಡೌನ್‌ಗಳಿಗೆ. ತಿಂಗಳು ತಿಂಗಳು ಬರೆದು ಕೊಡುವ ಶಿಸ್ತು ಇಲ್ಲದಿದ್ದರೆ ಆ ತಂಟೆಗೆ ಹೋಗಬೇಡಿ. ಸಣ್ಣ ಅಂಗಡಿಗೆ ಮೊದಲ ದಾರಿಯೇ ಸರಿ ಎಂದು ನನಗನ್ನಿಸುತ್ತದೆ. ಸೀಸನ್ ಯಾವಾಗ ಅಂತ ಹೇಳುವುದೇ ಕಷ್ಟ ಅನ್ನುವ ವ್ಯಾಪಾರವಾದರೆ ಸುಮ್ನೆ ಗರಿಷ್ಠ ಅಂಕಿಗೇ ಮಾಡಿಸಿಬಿಡಿ.

ಬೆಂಕಿ ಪಾಲಿಸಿಯಲ್ಲಿ ನೋಡಬೇಕಾದ ಇನ್ನು ಮೂರು ಜಾಗಗಳಿವೆ.

ಕಟ್ಟಡ ಯಾರದ್ದು? ಬಾಡಿಗೆ ಅಂಗಡಿಯಾದರೆ ಗೋಡೆ, ಛಾವಣಿಯ ವಿಮೆ ಸಾಮಾನ್ಯವಾಗಿ ಮಾಲೀಕರ ಕೆಲಸ. ಸರಕು, ಕಪಾಟು, ಕೌಂಟರ್, ನೀವು ಮಾಡಿಸಿದ ಮರಗೆಲಸ ನಿಮ್ಮದು. ಕರಾರು ಬೇರೆ ಏನಾದರೂ ಹೇಳುತ್ತದೆಯೇ ಅಂತ ಒಮ್ಮೆ ಓದಿ. ಕಪಾಟುಗಳಿಗೆ ಹೊಸದರ ಬೆಲೆ ಕೊಡುತ್ತಾರೋ, ಸವೆತ ಕಳೆದು ಕೊಡುತ್ತಾರೋ ಎಂದೂ ಕೇಳಿ. ಹತ್ತು ವರ್ಷದ ಹಳೆಯ ಕೌಂಟರಿಗೆ ಈ ಎರಡರ ನಡುವಿನ ಅಂತರ ಸಣ್ಣದಲ್ಲ.

ಬೇರೆಯವರ ಸರಕು ಇದೆಯೇ? ಮಾರಿದ ಮೇಲೆ ದುಡ್ಡು ಕೊಡುವ ಕರಾರಿನ ಮಾಲು, ರಿಪೇರಿಗೆ ಬಂದ ವಸ್ತು, ಹೊಲಿಯಲು ಕೊಟ್ಟ ಗಿರಾಕಿಯ ಬಟ್ಟೆ. ಇವು ನಿಮ್ಮ ಸ್ವಂತದ್ದಲ್ಲ, ಆದರೆ ನಿಮ್ಮ ಸುಪರ್ದಿಯಲ್ಲಿವೆ. ಪಾಲಿಸಿಯಲ್ಲಿ ಬೇರೆಯಾಗಿ ಬರೆಸದಿದ್ದರೆ ಇವು ಹೊರಗೇ ಉಳಿಯುವ ಸಾಧ್ಯತೆ ಹೆಚ್ಚು.

ಮೂರನೆಯದು ವಿದ್ಯುತ್. ಫ್ಯಾನಿನಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಹತ್ತಿ ಬಟ್ಟೆ ಸುಟ್ಟರೆ ಬಟ್ಟೆಗೆ ಕ್ಲೇಮ್ ಉಂಟು. ಆದರೆ ಶಾರ್ಟ್ ಆದ ಆ ಫ್ಯಾನನ್ನೇ ಹೊರಗಿಡುವ ಪಾಲಿಸಿಗಳು ತುಂಬಾ ಇವೆ. ಒಂದು ಫ್ಯಾನಿಗಾಗಿ ತಲೆ ಕೆಡಿಸಿಕೊಳ್ಳಬೇಡಿ, ಅಂಗಡಿಯಲ್ಲಿ ದುಬಾರಿ ಫ್ರೀಜರ್ ಇದ್ದರೆ ಕೇಳಿ. ಬೆಂಕಿ ಆರಿಸಲು ಹೊಡೆದ ನೀರಿನಿಂದ ಹಾಳಾದ ಸರಕು ಬೆಂಕಿಯ ನಷ್ಟದಲ್ಲೇ ಸೇರುತ್ತದೆ. ಮಳೆಯ ನೆರೆ, ಬಿರುಗಾಳಿ, ಭೂಕಂಪ ಒಳಗಿವೆಯೋ ಬೇರೆ ಕೊಳ್ಳಬೇಕೋ ಎಂದು ಮಾತ್ರ ಖಚಿತ ಮಾಡಿಕೊಳ್ಳಿ.

ಹಂತ 3: ಕಳವಿನ ವಿಮೆ

ಮಾತಿನಲ್ಲಿ ನಾವು ಎಲ್ಲವನ್ನೂ ಕಳ್ಳತನ ಅನ್ನುತ್ತೇವೆ. ಪಾಲಿಸಿ ಹಾಗೆ ಹೇಳುವುದಿಲ್ಲ. ಅಂಗಡಿಗಳಿಗೆ ಮಾರುವ ಪಾಲಿಸಿ ಹೆಚ್ಚಾಗಿ ‘ಬರ್ಗ್ಲರಿ’ಯದ್ದು. ಅಂದರೆ ಬೀಗ ಮುರಿದು, ಷಟರ್ ಮೀಟಿ, ಗೋಡೆ ಕೊರೆದು, ಒಟ್ಟಿನಲ್ಲಿ ಬಲ ಹಾಕಿ ಒಳನುಗ್ಗಿ ಕದ್ದದ್ದು. ಆ ಬಲಪ್ರಯೋಗದ ಗುರುತು ಕಣ್ಣಿಗೆ ಕಾಣಬೇಕು.

ಈ ಒಂದು ಮಾತಿನಿಂದ ಎಷ್ಟೆಲ್ಲ ಹೊರಗೆ ಬೀಳುತ್ತದೆ ನೋಡಿ. ಗಿರಾಕಿಯಂತೆ ಬಂದವರು ಸೀರೆ ಎಗರಿಸಿಕೊಂಡು ಹೋದರೆ ಇದರಲ್ಲಿ ಬರುವುದಿಲ್ಲ. ಕೆಲಸದ ಹುಡುಗ ದಿನಾ ಒಂದೊಂದು ಸಾಗಿಸಿದರೂ ಬರುವುದಿಲ್ಲ. ವರ್ಷದ ಕೊನೆಗೆ ಎಣಿಸಿದಾಗ 40 ಸಾವಿರದ ಮಾಲು ಕಮ್ಮಿ ಬಂತು, ಹೇಗೆ ಹೋಯಿತೋ ಗೊತ್ತಿಲ್ಲ ಅಂದರೆ ಅದೂ ಇಲ್ಲ. ಅಸಲಿ ಕೀಲಿಕೈಯಿಂದಲೇ ಬೀಗ ತೆಗೆದು ಕದ್ದರೆ ಅದು ವಾದಕ್ಕೆ ಬೀಳುತ್ತದೆ. ಬೆಂಕಿ ಬಿದ್ದ ಗಲಾಟೆಯಲ್ಲಿ ಯಾರೋ ಹೊತ್ತೊಯ್ದ ಸರಕನ್ನೂ ಹಲವು ಬೆಂಕಿ ಪಾಲಿಸಿಗಳು ಹೊರಗಿಡುತ್ತವೆ. ಬಲಪ್ರಯೋಗವಿಲ್ಲದ ಕಳವನ್ನೂ ಸೇರಿಸುವ ಪಾಲಿಸಿ ಸಿಗಬಹುದು. ಆದರೆ ಅದನ್ನು ಬಾಯಲ್ಲಿ ಕೇಳಿ ನಂಬದೆ ಪಾಲಿಸಿಯ ಸಾಲಿನಲ್ಲಿ ಬೆರಳಿಟ್ಟು ತೋರಿಸಲು ಹೇಳಿ.

ಪ್ರೀಮಿಯಂ ಉಳಿಸುವ ನ್ಯಾಯವಾದ ಅವಕಾಶ ಇರುವುದು ಈ ಹಂತದಲ್ಲೇ. ಬೆಂಕಿ ಇಡೀ ಅಂಗಡಿಯನ್ನು ನುಂಗಬಹುದು, ಕಳ್ಳ ಒಂದು ರಾತ್ರಿಯಲ್ಲಿ 12 ಲಕ್ಷದ ಬಟ್ಟೆ ಹೊರಲಾರ. ಅದಕ್ಕೇ ‘ಫಸ್ಟ್ ಲಾಸ್’ ಅನ್ನುವ ಏರ್ಪಾಡಿದೆ. ಒಟ್ಟು ಸರಕು 12 ಲಕ್ಷ ಎಂದು ಸರಿಯಾಗಿ ತಿಳಿಸುತ್ತೀರಿ, ಆದರೆ ಅದರ ಶೇ. 25, ಅಂದರೆ 3 ಲಕ್ಷಕ್ಕೆ ಮಾತ್ರ ರಕ್ಷಣೆ ಕೊಳ್ಳುತ್ತೀರಿ. 2.5 ಲಕ್ಷದ ಬಟ್ಟೆ ಹೋದರೆ ಪೂರ್ತಿ ಬರುತ್ತದೆ, ಡಿಡಕ್ಟಿಬಲ್ ಮಾತ್ರ ಕಳೆಯುತ್ತದೆ. ಒಟ್ಟು ಸರಕೇ 8 ಲಕ್ಷ ಅಂತ ಕಮ್ಮಿ ತಿಳಿಸಿದ್ದರೆ ಆವರೇಜ್ ಇಲ್ಲೂ ಬಂದು ಕೂರುತ್ತದೆ: 2.5 ಲಕ್ಷದ ಮೂರನೇ ಎರಡು ಭಾಗ, ಸುಮಾರು 1.67 ಲಕ್ಷ. ಚಿನ್ನ, ಫೋನ್, ಗಡಿಯಾರದಂಥ ಒಂದು ಚೀಲದಲ್ಲಿ ಹೋಗುವ ಸರಕಿನವರು ಈ ಶೇ. 25 ರ ಲೆಕ್ಕ ನೆಚ್ಚಬಾರದು. ಅವರ ಅಂಗಡಿ ಒಂದೇ ರಾತ್ರಿಯಲ್ಲಿ ಖಾಲಿಯಾಗಬಹುದು.

ನಗದಿನ ವಿಷಯ ಚಿಕ್ಕದು. ರಾತ್ರಿ ಗಲ್ಲಾಪೆಟ್ಟಿಗೆಯಲ್ಲಿ ಬಿಟ್ಟ ದುಡ್ಡಿಗೆ ಸಾಮಾನ್ಯವಾಗಿ ರಕ್ಷಣೆ ಇಲ್ಲ, ಬೀಗ ಹಾಕಿದ ತಿಜೋರಿಯಲ್ಲಿರಬೇಕು. ತಿಜೋರಿಯ ಕೀಲಿಯನ್ನು ಅಂಗಡಿಯೊಳಗೇ ಬಿಟ್ಟು ಹೋದರೆ ಅದೂ ಹೋಯಿತು.

ಹಂತ 4: ದಾರಿಯಲ್ಲಿರುವ ಸರಕು

ಮೊದಲ ಪ್ರಶ್ನೆ: ಲಾರಿ ದಾರಿಯಲ್ಲಿರುವಾಗ ಸರಕಿನ ಹೊಣೆ ಯಾರದ್ದು? ಸಗಟು ವ್ಯಾಪಾರಿ ನಿಮ್ಮ ಅಂಗಡಿ ಬಾಗಿಲಿಗೆ ತಲುಪಿಸಿಯೇ ಒಪ್ಪಿಸುತ್ತಾರೆ ಎಂದು ಒಪ್ಪಂದವಿದ್ದರೆ ದಾರಿಯ ನಷ್ಟ ಅವರದ್ದು. ನಿಮಗೆ ಸಾಗಣೆ ವಿಮೆ ಬೇಡವೇ ಬೇಡ. ಅವರ ಗೋಡೌನಿನಲ್ಲಿ ಲೋಡ್ ಆದ ಕ್ಷಣದಿಂದ ನಿಮ್ಮದು ಎಂದಿದ್ದರೆ ಬೇಕು. ಬಿಲ್ಲಿನ ಕೆಳಗಿರುವ ಸಣ್ಣ ಅಕ್ಷರಗಳಲ್ಲಿ ಇದು ಇರುತ್ತದೆ. ಸಾಗಣೆ ಬಾಡಿಗೆ ಯಾರು ಕೊಡುತ್ತಾರೆ ಎನ್ನುವುದರಿಂದ ಹೊಣೆ ತೀರ್ಮಾನವಾಗುವುದಿಲ್ಲ. ಈ ಎರಡನ್ನೂ ಒಂದೇ ಅಂದುಕೊಂಡು ಕೆಟ್ಟವರಿದ್ದಾರೆ.

‘ಕಳೆದರೆ ಟ್ರಾನ್ಸ್‌ಪೋರ್ಟಿನವರು ಕೊಡುತ್ತಾರಲ್ಲ’ ಅನ್ನುವ ಧೈರ್ಯ ಬೇಡ. ಸಾಗಣೆದಾರರ ಹೊಣೆಗೆ ಮಿತಿ ಇರುತ್ತದೆ, ಅದು ಹಲವು ಕಡೆ ತೂಕದ ಮೇಲೆ. ದೇಶದಿಂದ ದೇಶಕ್ಕೆ ವಿಮಾನದಲ್ಲಿ ಹೋಗುವ ಸರಕಿಗೆ ಮಾಂಟ್ರಿಯಲ್ ಒಪ್ಪಂದದ ಮಿತಿ 2024 ರ ಡಿಸೆಂಬರ್ 28 ರಿಂದ ಕಿಲೋಗೆ 26 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. 10 ಕಿಲೋ ಫೋನುಗಳ ಪೆಟ್ಟಿಗೆ ಕಳೆದರೆ, ಬೆಲೆಯನ್ನು ಮೊದಲೇ ವಿಶೇಷವಾಗಿ ಘೋಷಿಸದಿದ್ದರೆ, ಹೆಚ್ಚೆಂದರೆ 260 ಎಸ್‌ಡಿಆರ್. 10 ಕಿಲೋ ಬಟ್ಟೆಗೂ ಅದೇ ಮಿತಿ. ತೂಕ ನೋಡುವ ನಿಯಮಕ್ಕೆ ಒಳಗೇನಿದೆ ಅನ್ನುವುದು ಬೇಕಿಲ್ಲ.

ಸರಕಿನ ವಿಮೆಯಲ್ಲಿ ಜಗತ್ತಿನ ಹಲವೆಡೆ ಬಳಸುವುದು ಲಂಡನ್ನಿನ ‘ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಜಸ್’ ಎಂಬ ಷರತ್ತುಗಳನ್ನು. ಎ, ಬಿ, ಸಿ ಎಂದು ಮೂರು ಬಗೆ. ಎ ಬಗೆಯಲ್ಲಿ ಹೊರಗಿಟ್ಟವನ್ನು ಬಿಟ್ಟು ಉಳಿದ ಎಲ್ಲ ಅಪಾಯಗಳಿಗೂ ರಕ್ಷಣೆ. ಸಿ ಬಗೆಯಲ್ಲಿ ಹೆಸರಿಸಿದ ಕೆಲವಕ್ಕೆ ಮಾತ್ರ: ಬೆಂಕಿ, ಸ್ಫೋಟ, ವಾಹನ ಪಲ್ಟಿ, ಡಿಕ್ಕಿ, ಹಡಗು ಮುಳುಗುವುದು, ಇಂಥವು. ಬಿ ಇವೆರಡರ ನಡುವಿನದ್ದು. ನೆನಪಿಡಬೇಕಾದದ್ದು ಏನೆಂದರೆ ಬಿ ಮತ್ತು ಸಿ ಪಟ್ಟಿಗಳಲ್ಲಿ ಕಳ್ಳತನ ಇಲ್ಲ. ಅಗ್ಗದ ಸಾಗಣೆ ವಿಮೆ ಸಿಕ್ಕಿತು ಅಂತ ಖುಷಿಪಡುವ ಮುಂಚೆ ಯಾವ ಅಕ್ಷರ ಅಂತ ನೋಡಿ. ದಾರಿಯಲ್ಲಿ ನಾಲ್ಕು ಮೂಟೆ ಮಾಯವಾದರೆ ಸಿ ಪಾಲಿಸಿ ಬಾಯಿ ಬಿಡುವುದಿಲ್ಲ.

ಹೊರದೇಶದಿಂದ ತರಿಸುವವರಿಗೆ ಇನ್ನೊಂದು ಬಲೆ. ‘ಸಿಐಎಫ್’ ಬೆಲೆ ಅಂದರೆ ಸಾಗಣೆ, ವಿಮೆ ಎರಡೂ ಮಾರುವವರೇ ಮಾಡಿಸುತ್ತಾರೆ. ಆದರೆ ವ್ಯಾಪಾರದ ಅಂತಾರಾಷ್ಟ್ರೀಯ ಪದಗಳನ್ನು ವಿವರಿಸುವ ಇನ್‌ಕೋಟರ್ಮ್ಸ್ 2020 ರ ಪ್ರಕಾರ ಅವರು ಸಿ ಬಗೆಯ ವಿಮೆ ಮಾಡಿಸಿದರೆ ಸಾಕು. ಸಾಗಣೆ, ವಿಮೆ ಎರಡನ್ನೂ ಮಾರುವವರೇ ಮಾಡಿಸುವ ಇನ್ನೊಂದು ಕರಾರು ‘ಸಿಐಪಿ’; ಅದಾದರೆ ಎ ಬಗೆಯದ್ದು ಬೇಕು. ಎರಡರಲ್ಲೂ ಮೊತ್ತ ಒಪ್ಪಂದದ ಬೆಲೆಯ ಶೇ. 110 ಕ್ಕೆ ಕಡಿಮೆ ಇರಬಾರದು.

ಎ ಕೂಡ ಎಲ್ಲವನ್ನೂ ಕೊಡುವುದಿಲ್ಲ. ಪ್ಯಾಕಿಂಗ್ ಸಡಿಲವಾಗಿ ಒಡೆದದ್ದು, ಸರಕಿನ ಸ್ವಂತ ಗುಣದಿಂದ ಕೆಟ್ಟದ್ದು, ತಡವಾಗಿ ಬಂದದ್ದರಿಂದಾದ ನಷ್ಟ ಹೊರಗೆ. ಸೀಸನ್ ಮುಗಿದ ಮೇಲೆ ಬಟ್ಟೆ ಬಂದರೆ ಅದು ನಿಮ್ಮ ಪಾಡು.

ಮೊತ್ತ ಬರೆಸುವಾಗ ಒಂದು ಲೋಡಿನಲ್ಲಿ ಹೆಚ್ಚೆಂದರೆ ಎಷ್ಟರ ಸರಕು ಬರುತ್ತದೆ ಅನ್ನುವ ಮಿತಿಯನ್ನು ಬೇರೆಯಾಗಿ ಕೇಳುತ್ತಾರೆ. ವರ್ಷಕ್ಕೆ 30 ಲಕ್ಷ ಎಂದು ಬರೆಸಿ, ಒಂದು ಲೋಡಿಗೆ 2 ಲಕ್ಷ ಎಂದು ಮಿತಿ ಹಾಕಿ, ಸೀಸನ್ನಿನಲ್ಲಿ 5 ಲಕ್ಷದ ಲೋಡ್ ತರಿಸಿದರೆ 2 ಲಕ್ಷದ ಆಚೆಗಿನದ್ದು ನಿಮ್ಮ ತಲೆ ಮೇಲೆ.

ಹಂತ 5: ಏನನ್ನು ಬಿಡಬಹುದು

ನನ್ನ ಅಳತೆ ಸರಳ. ಆ ನಷ್ಟವನ್ನು ಒಂದು ತಿಂಗಳ ಲಾಭದಲ್ಲಿ ತುಂಬಿಕೊಳ್ಳಲು ಆಗುವುದಾದರೆ ವಿಮೆ ಬೇಡ. ಹೊರಗಿನ ಗಾಜು, ನಾಮಫಲಕ, ಬಿಲ್ಲಿಂಗ್ ಕಂಪ್ಯೂಟರ್, ಫೋನು ಸಾಮಾನ್ಯವಾಗಿ ಈ ಸಾಲಿಗೆ ಬರುತ್ತವೆ. ಮನೆಯವರೇ ಅಂಗಡಿ ನೋಡಿಕೊಳ್ಳುವುದಾದರೆ ಕೆಲಸಗಾರರ ಮೋಸಕ್ಕೆ ಮಾಡುವ ಪಾಲಿಸಿ ಬೇಡ. ನಗದು ವಹಿವಾಟು ಕಮ್ಮಿಯಾದರೆ ದುಡ್ಡು ಸಾಗಿಸುವ ವಿಮೆಯೂ ಬೇಡ. ಒಂದೇ ಸರಕಿಗೆ ಎರಡು ಕಂಪನಿಗಳಲ್ಲಿ ಪಾಲಿಸಿ ಮಾಡಿಸಿದರೆ ಎರಡು ಪಟ್ಟು ಬರುವುದಿಲ್ಲ, ಅವರಿಬ್ಬರೂ ಅದೇ ನಷ್ಟವನ್ನು ಹಂಚಿಕೊಳ್ಳುತ್ತಾರೆ ಅಷ್ಟೆ.

‘ಪ್ಯಾಕೇಜ್’ ಪಾಲಿಸಿಗಳಲ್ಲಿ ಇವೆಲ್ಲ ಒಟ್ಟಿಗೆ ಕಟ್ಟಿ ಬರುತ್ತವೆ. ಪ್ರತಿ ಭಾಗಕ್ಕೂ ಪ್ರೀಮಿಯಂ ಬಿಡಿಸಿ ತೋರಿಸಲು ಹೇಳಿ. ಹಾಗೆ ಉಳಿಸಿದ ದುಡ್ಡನ್ನು ಬೆಂಕಿಯ ಮೊತ್ತ ಸರಿಮಾಡಲು ಹಾಕಿ. ಇನ್ನೂ ಉಳಿಸಬೇಕೆಂದರೆ ಡಿಡಕ್ಟಿಬಲ್ ಹೆಚ್ಚಿಸಿಕೊಳ್ಳಿ, ವಿಮಾ ಮೊತ್ತ ಇಳಿಸಬೇಡಿ. ಡಿಡಕ್ಟಿಬಲ್ ಏರಿಸಿದರೆ ಎಷ್ಟು ಕಳೆದುಕೊಳ್ಳುತ್ತೀರಿ ಅನ್ನುವುದು ಮೊದಲೇ ಗೊತ್ತಿರುತ್ತದೆ. ಮೊತ್ತ ಇಳಿಸಿದರೆ ಗೊತ್ತಾಗುವುದು ಸುಟ್ಟ ಮೇಲೆ.

ಬಿಡಬಾರದ ಒಂದನ್ನು ಹೇಳಿಬಿಡುತ್ತೇನೆ: ಅಂಗಡಿಯೊಳಗೆ ಬಂದ ಗಿರಾಕಿಗೆ ಪೆಟ್ಟಾದರೆ ಬರುವ ಹೊಣೆಗಾರಿಕೆಯ ವಿಮೆ. ಸರಕಿನ ನಷ್ಟಕ್ಕೆ ಸರಕಿನ ಬೆಲೆಯೇ ಮಿತಿ. ಇದಕ್ಕೆ ಅಂಥ ಮಿತಿ ಇಲ್ಲ.

ಹಂತ 6: ನಷ್ಟವಾದ ದಿನ

ಬಿಲ್‌ಗಳ ಫೋಟೋ ಮತ್ತು ಸ್ಟಾಕ್ ಪಟ್ಟಿಯ ಪ್ರತಿ ಅಂಗಡಿಯ ಹೊರಗೆ ಇರಬೇಕು. ಸುಟ್ಟ ಅಂಗಡಿಯ ಲೆಕ್ಕದ ಪುಸ್ತಕ ಅದೇ ಅಂಗಡಿಯಲ್ಲಿ ಸುಟ್ಟುಹೋದರೆ ಹಂತ 1 ರ ಲೆಕ್ಕಕ್ಕೆ ಆಧಾರವೇ ಇರುವುದಿಲ್ಲ.

ಬೆಂಕಿಯಾದರೆ ಅಗ್ನಿಶಾಮಕ ದಳದ ವರದಿ, ಕಳವಾದರೆ ಅದೇ ದಿನ ಪೊಲೀಸ್ ದೂರು, ಎರಡಕ್ಕೂ ತಕ್ಷಣ ವಿಮಾ ಕಂಪನಿಗೆ ಬರಹದಲ್ಲಿ ಸುದ್ದಿ. ನಷ್ಟ ಮತ್ತೂ ಹೆಚ್ಚಾಗದಂತೆ ನೋಡಿಕೊಳ್ಳುವುದು ನಿಮ್ಮ ಹೊಣೆ: ಉಳಿದ ಬಟ್ಟೆಯನ್ನು ಒದ್ದೆ ನೆಲದಿಂದ ಎತ್ತಿಡಿ, ಮುರಿದ ಷಟರಿಗೆ ಹಲಗೆ ಬಡಿಸಿ. ಮಾಡುವ ಮುಂಚೆ ಫೋಟೋ ತೆಗೆಯಿರಿ. ಮುರಿದ ಬೀಗ, ಸುಟ್ಟ ಬಟ್ಟೆಯ ರಾಶಿ, ಒಡೆದ ಪೆಟ್ಟಿಗೆ ಯಾವುದನ್ನೂ ಸರ್ವೇಯರ್ ನೋಡುವವರೆಗೆ ಎಸೆಯಬೇಡಿ.

ಲೋಡ್ ಇಳಿಸುವಾಗ ಮೂಟೆ ಒದ್ದೆಯಾಗಿದ್ದರೆ, ಹರಿದಿದ್ದರೆ, ಎಣಿಕೆ ಕಮ್ಮಿ ಬಂದರೆ ಡ್ರೈವರ್ ಕೊಟ್ಟ ಚೀಟಿಯ ಮೇಲೆ ಹಾಗೆಂದೇ ಬರೆದು ಸಹಿ ಹಾಕಿ. ಅವರು ಅವಸರ ಮಾಡುತ್ತಾರೆ, ಮಾಡಲಿ. ‘ಸರಿಯಾಗಿ ತಲುಪಿದೆ’ ಎಂದು ಸಹಿ ಹಾಕಿಕೊಟ್ಟರೆ ಸಾಗಣೆದಾರರಿಂದ ವಸೂಲಿ ಮಾಡುವ ಹಾದಿ ಕಷ್ಟವಾಗುತ್ತದೆ. ಆ ಹಾದಿಯನ್ನು ನೀವು ಕೆಡಿಸಿದ್ದೀರಿ ಎಂದು ವಿಮಾ ಕಂಪನಿಯೂ ತಕರಾರು ತೆಗೆಯಬಹುದು. ಮೂಟೆ ಹೊರಗಿನಿಂದ ಚೆನ್ನಾಗಿದ್ದು ಬಿಚ್ಚಿದಾಗ ಒಳಗೆ ಹಾಳಾಗಿರುವುದು ಕಂಡರೆ ಅವತ್ತೇ ಇಬ್ಬರಿಗೂ ಬರೆದು ತಿಳಿಸಿ, ಮೂಟೆಯ ಹೊದಿಕೆಯನ್ನೂ ತೆಗೆದಿಡಿ.